ಶವರ್ ಮಿಕ್ಸರ್ ಕಾರ್ಟ್ರಿಜ್‌ಗೆ ವಾರಂಟಿ ಪತ್ರ: ಬಿಲ್ಲಿನಲ್ಲಿ ಮಾಡೆಲ್ ನಂಬರ್ ಇಲ್ಲ, ಅವಧಿ ಮುಗಿಯಲು ಐದೇ ವಾರ

ಹೊಸಮನೆ · 2 ಫೆಬ್ರವರಿ 2025

ಗೋಡೆಗೆ ಹಾಕಿರುವ ಸಿಂಗಲ್ ಲಿವರ್ ಶವರ್ ಮಿಕ್ಸರ್. ಲಿವರ್ ಪೂರ್ತಿ ಇಳಿಸಿದ ಮೇಲೂ ಮೇಲಿನ ಶವರ್‌ನಿಂದ ನೀರು ತೊಟ್ಟಿಕ್ಕುವುದು ನಿಲ್ಲುತ್ತಿಲ್ಲ. ಮೊದಲು ಗಮನಕ್ಕೆ ಬಂದದ್ದು ಜನವರಿ 20ರಂದು. ಪ್ಲಂಬರ್ ಬಂದು ನೋಡಿ, ಬಿಚ್ಚದೆಯೇ, ಲಿವರ್ ಕೆಳಗೆ ನೀರನ್ನು ತೆರೆದು ಮುಚ್ಚುವ ಕಾರ್ಟ್ರಿಜ್ ಹೋಗಿದೆ ಎಂದರು. ವಾರಂಟಿ ಕಾರ್ಡ್‌ನಲ್ಲಿ ಕಾರ್ಟ್ರಿಜ್‌ಗೆ 3 ವರ್ಷ ಎಂದಿದೆ. ಮಿಕ್ಸರ್ ಕೊಂಡದ್ದು 12 ಮಾರ್ಚ್ 2022, ಗೋಡೆಗೆ ಕೂರಿಸಿದ್ದು 5 ನವೆಂಬರ್ 2022. ಹಾಗಾಗಿ ಈ ನವೆಂಬರ್‌ವರೆಗೆ ಸಮಯವಿದೆ ಎಂದುಕೊಂಡಿದ್ದೇನೆ.

ತಯಾರಕರಿಗೆ ಬರೆದ ಪತ್ರ ಹೀಗಿದೆ, ನೋಡಿ ತಿದ್ದಿಕೊಡಿ:

"ಮಾನ್ಯರೇ, ನಿಮ್ಮ ಕಂಪನಿಯ ಶವರ್ ಮಿಕ್ಸರ್ 2022ರಲ್ಲಿ ಕೊಂಡಿದ್ದೆವು. ಈಗ ಸೋರುತ್ತಿದೆ. ಪೈಪಿನ ಕಸ ಒಳಗೆ ಸಿಕ್ಕಿಕೊಂಡು ಕಾರ್ಟ್ರಿಜ್ ಹಾಳಾಗಿರಬೇಕು ಎಂದು ಪ್ಲಂಬರ್ ಹೇಳುತ್ತಾರೆ. ಇಷ್ಟು ಬೇಗ ಹೀಗಾದದ್ದು ಬಹಳ ಬೇಸರದ ಸಂಗತಿ. ವಾರಂಟಿ ಇನ್ನೂ ಇದೆ. ದಯವಿಟ್ಟು ಆದಷ್ಟು ಬೇಗ ಸರಿಮಾಡಿಕೊಡಿ."

ಇನ್ನೊಂದು ತೊಡಕು. ಬಿಲ್ಲಿನಲ್ಲಿ "ಶವರ್ ಮಿಕ್ಸರ್ ಕ್ರೋಮ್ – 2" ಎಂದಷ್ಟೇ ಇದೆ. ಮಾಡೆಲ್ ನಂಬರ್ ಇಲ್ಲ. ಎರಡು ಬಾತ್‌ರೂಮ್‌ಗೂ ಒಂದೇ ಥರದ್ದು ತೆಗೆದುಕೊಂಡಿದ್ದೆವು, ಈಗ ಸೋರುತ್ತಿರುವುದು ಒಂದು ಮಾತ್ರ.

ಸ್ಪ್ಯಾನರ್ · 2 ಫೆಬ್ರವರಿ

ಪತ್ರಕ್ಕೆ ಕಾಯುತ್ತಾ ಕೂತರೆ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತದೆ. ಕಾರ್ಟ್ರಿಜ್ ಬಿಚ್ಚಿ ಅಳತೆ ನೋಡಿ, ಸಾಮಾನ್ಯವಾಗಿ 35 ಇಲ್ಲವೇ 40 ಮಿಲಿಮೀಟರ್ ಇರುತ್ತದೆ. ಅದೇ ಅಳತೆಯದ್ದು ಅಂಗಡಿಯಿಂದ ತಂದು ಹಾಕಿ. ಹಳೆಯದನ್ನು ವಿನಿಗರ್‌ನಲ್ಲಿ ನೆನೆಸಿ ತೊಳೆದು ಪತ್ರದ ಜತೆ ಕಳಿಸಿಬಿಡಿ. ಕಾರಣ ಕೇಳಿದರೆ "ತಯಾರಿಕೆಯ ದೋಷ" ಎಂದು ಒಂದೇ ಸಾಲು ಬರೆದರೆ ಮುಗಿಯಿತು.

ನೀರ್ಗಂಟಿ · 2 ಫೆಬ್ರವರಿ

ಸ್ಪ್ಯಾನರ್ ಅವರೇ, 35, 40 ಅಳತೆಯ ಮಾತು ಸರಿ. ಆದರೆ ವ್ಯಾಸ ಒಂದೇ ಆದರೂ ತಳದ ಎರಡು ಗೂಟಗಳ ಜಾಗ, ಮೇಲಿನ ಕಡ್ಡಿಯ ಉದ್ದ, ಒಟ್ಟು ಎತ್ತರ ಇವೆಲ್ಲ ಒಂದೊಂದು ಮಾಡೆಲ್‌ಗೂ ಬೇರೆ ಇರುತ್ತವೆ. ಅಳತೆ ನೋಡಿ ತಂದದ್ದು ಕೂರದೇ ಹೋಗಬಹುದು. ಕೂತರೂ ವಾರಂಟಿಗೆ ಅದು ದೊಡ್ಡ ಪೆಟ್ಟು. ಬೇರೆ ಕಂಪನಿಯ ಭಾಗ ಹಾಕಿದ್ದಕ್ಕೆ ವಾರಂಟಿ ಇಲ್ಲ ಎಂಬ ಸಾಲು ಹೆಚ್ಚುಕಡಿಮೆ ಎಲ್ಲ ಕಾರ್ಡ್‌ಗಳಲ್ಲೂ ಇರುತ್ತದೆ. ವಿನಿಗರ್‌ನಲ್ಲಿ ತೊಳೆದರಂತೂ ಸಾಕ್ಷಿಯನ್ನೇ ತೊಳೆದ ಹಾಗೆ. ಸುಣ್ಣ ಕಟ್ಟಿತ್ತೇ, ಮರಳ ಕಣ ಇತ್ತೇ, ಓ-ರಿಂಗ್ ಸೀಳಿತ್ತೇ ಎಂದು ಅವರ ಕಡೆಯವರು ನೋಡಬೇಕಾದದ್ದು ಅದೇ ಸ್ಥಿತಿಯಲ್ಲಿರುವ ಕಾರ್ಟ್ರಿಜ್.

ಹೊಸಮನೆ ಅವರೇ, ಕಾರ್ಟ್ರಿಜ್ ಮುಟ್ಟಬೇಡಿ. ಪತ್ರ ಕಳಿಸುವ ಮುನ್ನ ಎರಡು ಪ್ರಶ್ನೆಗೆ ಉತ್ತರ ಬೇಕು. ಒಂದು, ತೊಟ್ಟಿಕ್ಕುತ್ತಿರುವುದು ನಿಜಕ್ಕೂ ಕಾರ್ಟ್ರಿಜ್‌ನಿಂದಲೋ ಅಥವಾ ಶವರ್ ತಲೆಯಲ್ಲಿ ನಿಂತ ನೀರೋ? ಎರಡು, ಬಿಸಿನೀರಿನ ಬದಿಯಿಂದಲೋ ತಣ್ಣೀರಿನ ಬದಿಯಿಂದಲೋ?

ಅಗಲ ಶವರ್ ತಲೆಯಲ್ಲಿ ನೀರು ನಿಂತಿರುತ್ತದೆ. ಲಿವರ್ ಮುಚ್ಚಿದ ಮೇಲೆ ಐದು ಹತ್ತು ನಿಮಿಷ ಹನಿಯುವುದು, ನಡುವೆ ಒಮ್ಮೆ ಗಳಕ್ಕನೆ ಸುರಿಯುವುದು ಸಹಜ. ಅದಕ್ಕೂ ಕಾರ್ಟ್ರಿಜ್‌ಗೂ ಸಂಬಂಧವಿಲ್ಲ. ಆದ್ದರಿಂದ ಮುಚ್ಚಿ ಒಂದು ಗಂಟೆ ಬಿಟ್ಟು, ಆಮೇಲೆ ಕೆಳಗೆ ಪಾತ್ರೆ ಇಟ್ಟು, ಇಡೀ ರಾತ್ರಿ ಬಿದ್ದ ನೀರನ್ನು ಅಳತೆಯ ಲೋಟದಲ್ಲಿ ಅಳೆಯಿರಿ. ಇದನ್ನು ಮಾಡುವಾಗ ವಾಟರ್ ಹೀಟರ್ ಆಫ್ ಇರಲಿ. ನೀರು ಕಾದಾಗ ಹಿಗ್ಗುತ್ತದೆ. ಹೀಟರ್‌ನ ಒಳಬಾಯಿಗೆ ನಾನ್‌ರಿಟರ್ನ್ ವಾಲ್ವ್ ಇದ್ದರೆ ಹಿಗ್ಗಿದ ನೀರಿಗೆ ಹಿಂದೆ ಹೋಗಲು ದಾರಿಯಿಲ್ಲ, ಬಿಸಿ ಲೈನಿನ ಒತ್ತಡ ಏರುತ್ತದೆ. ಹೀಟರ್ ಆನ್ ಇದ್ದಾಗ ಮಾತ್ರ ತೊಟ್ಟಿಕ್ಕುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಒತ್ತಡವನ್ನು, ಕಾರ್ಟ್ರಿಜ್ ಅನ್ನಲ್ಲ.

ಮಾರನೆಯ ದಿನ ಬಿಸಿ ಲೈನಿನ ವಾಲ್ವ್ ಒಂದನ್ನೇ ಮುಚ್ಚಿ ನೋಡಿ. ನಂತರ ಅದನ್ನು ತೆರೆದು, ತಣ್ಣೀರಿನದ್ದೊಂದನ್ನೇ ಮುಚ್ಚಿ. ಯಾವುದನ್ನು ಮುಚ್ಚಿದಾಗ ಹನಿ ನಿಲ್ಲುತ್ತದೋ ಸೋರಿಕೆ ಆ ಬದಿಯದು. ಒತ್ತಡದ ಮೀಟರ್ ಸಿಕ್ಕರೆ ಎಲ್ಲ ನಲ್ಲಿ ಮುಚ್ಚಿರುವಾಗ ಎಷ್ಟಿದೆ ಎಂಬುದನ್ನೂ ಬರೆದಿಡಿ.

ಕಡತ · 2 ಫೆಬ್ರವರಿ

ನೀರಿನ ಕಡೆಯದನ್ನು ನೀರ್ಗಂಟಿ ಹೇಳಿದರು. ಕಾಗದದ ಕಡೆಯಲ್ಲಿ ಒಂದು ತುರ್ತು ಇದೆ.

3 ವರ್ಷ ಎಂದು ಬರೆದರಾಯಿತೇ, ಎಂದಿನಿಂದ 3 ವರ್ಷ? ಕಾರ್ಡ್‌ನ ಆ ಸಾಲನ್ನು ಅಕ್ಷರಶಃ ಇಲ್ಲಿ ಹಾಕಿ. "ಖರೀದಿಯ ದಿನದಿಂದ" ಎಂದಿದ್ದರೆ ನಿಮ್ಮ ಅವಧಿ 11 ಮಾರ್ಚ್ 2025ಕ್ಕೆ ಮುಗಿಯುತ್ತದೆ, ನವೆಂಬರ್‌ಗೆ ಅಲ್ಲ. ಜತೆಗೆ ಕಾರ್ಟ್ರಿಜ್‌ನ ಅವಧಿ, ಬಾಡಿಯ ಅವಧಿ, ಕ್ರೋಮ್ ಲೇಪದ ಅವಧಿ ಒಂದೇ ಕಾರ್ಡ್‌ನಲ್ಲಿ ಮೂರು ಥರ ಇರಬಹುದು. ಯಾವ ಸಾಲು ಕಾರ್ಟ್ರಿಜ್‌ಗೆ ಸೇರಿದ್ದು ಎಂಬುದನ್ನೂ ನೋಡಿ.

ಹೊಸಮನೆ · 3 ಫೆಬ್ರವರಿ

ಕಾರ್ಡ್ ಮತ್ತೆ ಓದಿದೆ. "ಸೆರಾಮಿಕ್ ಕಾರ್ಟ್ರಿಜ್: ಮೊದಲ ಖರೀದಿಯ ದಿನಾಂಕದಿಂದ 3 ವರ್ಷ. ದೋಷ ಕಂಡ ಕೂಡಲೇ ಲಿಖಿತವಾಗಿ ತಿಳಿಸತಕ್ಕದ್ದು." ನೀವು ಹೇಳಿದ್ದೇ ಸರಿ. ಐದು ವಾರ ಮಾತ್ರ ಉಳಿದಿದೆ.

ರಾತ್ರಿಯ ಅಳತೆ: 10 ಗಂಟೆಗೆ ಲಿವರ್ ಮುಚ್ಚಿದೆ, 11ಕ್ಕೆ ಪಾತ್ರೆ ಇಟ್ಟೆ, ಬೆಳಿಗ್ಗೆ 7ಕ್ಕೆ ತೆಗೆದೆ. ಹೀಟರ್ ಆಫ್ ಇತ್ತು. ಬಿದ್ದ ನೀರು 720 ಮಿಲಿಲೀಟರ್. ಈ ದಿನ ಬಿಸಿ ಲೈನಿನ ವಾಲ್ವ್ ಮುಚ್ಚಿದೆ, ಸುಮಾರು ಹತ್ತು ನಿಮಿಷಕ್ಕೆ ಹನಿ ಪೂರ್ತಿ ನಿಂತಿತು, ಮುಂದಿನ ಒಂದು ಗಂಟೆಯಲ್ಲಿ ಒಂದು ಹನಿಯೂ ಇಲ್ಲ. ತಣ್ಣೀರು ಮುಚ್ಚಿದರೆ ಏನೂ ವ್ಯತ್ಯಾಸವಿಲ್ಲ. ಪ್ಲಂಬರ್ ಮೀಟರ್ ಹಾಕಿ ನೋಡಿದರು, 3.2 ಬಾರ್. ಕೈಪಿಡಿಯಲ್ಲಿ 5 ಬಾರ್‌ವರೆಗೆ ಆಗಬಹುದು ಎಂದಿದೆ.

ನೀರ್ಗಂಟಿ · 3 ಫೆಬ್ರವರಿ

ಬಹಳ ಒಳ್ಳೆಯ ಅಳತೆ. 8 ಗಂಟೆಗೆ 720 ಎಂದರೆ ಗಂಟೆಗೆ 90 ಮಿಲಿಲೀಟರ್. ಮಿಲಿಲೀಟರ್‌ಗೆ ಸುಮಾರು 20 ಹನಿ ಹಿಡಿದರೆ ನಿಮಿಷಕ್ಕೆ 30 ಹನಿ, ಅಂದರೆ ಎರಡು ಸೆಕೆಂಡಿಗೆ ಒಂದು. ಇಡೀ ರಾತ್ರಿ ಇಷ್ಟು ಬಿದ್ದಿದೆ ಎಂದರೆ ಅದು ಶವರ್ ತಲೆಯಲ್ಲಿ ನಿಂತ ನೀರಲ್ಲ. ಬಿಸಿ ಲೈನ್ ಮುಚ್ಚಿದರೆ ನಿಲ್ಲುತ್ತದೆ, ಹೀಟರ್ ಆಫ್ ಇದ್ದಾಗಲೂ ಬೀಳುತ್ತದೆ, ಒತ್ತಡ ಮಿತಿಯೊಳಗಿದೆ. ಈ ಮೂರೂ ಸೇರಿದರೆ ಬಿಸಿನೀರಿನ ಬಾಯಿ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಧೈರ್ಯವಾಗಿ ಬರೆಯಬಹುದು.

ಆದರೆ ಯಾಕೆ ಮುಚ್ಚುತ್ತಿಲ್ಲ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಕನ್ನಡಿಯ ಹಾಗೆ ನುಣುಪಾಗಿ ಕೂತಿರುತ್ತವೆ. ಒಂದು ಮರಳ ಕಣ ನಡುವೆ ಸೇರಿ ಗೀರು ಬಿದ್ದರೂ ಸೋರುತ್ತದೆ, ಬಿಲ್ಲೆಯೇ ಬಿರುಕು ಬಿಟ್ಟಿದ್ದರೂ ಸೋರುತ್ತದೆ, ತಳದ ರಬ್ಬರ್ ಸೀಲ್ ಒಂದು ಕಡೆ ಹಿಸುಕಿಕೊಂಡು ಕೂತಿದ್ದರೂ ಸೋರುತ್ತದೆ. ಹೊರಗೆ ಕಾಣುವುದು ಮೂರರಲ್ಲೂ ಒಂದೇ ಹನಿ. ಮೊದಲನೆಯದು ವಾರಂಟಿಗೆ ಹೊರಗೆ ಹೋಗಬಹುದು, ಎರಡನೆಯದು ಒಳಗೆ ಬರಬಹುದು, ಮೂರನೆಯದು ಯಾವಾಗ ಹಿಸುಕಿತು ಎಂಬುದರ ಮೇಲೆ ನಿಂತಿದೆ.

ಸ್ಪ್ಯಾನರ್ · 3 ಫೆಬ್ರವರಿ

ಅದಕ್ಕೇ ನಾನು ಹೇಳಿದ್ದು, "ತಯಾರಿಕೆಯ ದೋಷ" ಎಂದು ಬರೆದುಬಿಡಿ ಅಂತ. ಕಸ ಎಂದು ನಾವೇ ಬರೆದುಕೊಟ್ಟರೆ ಅವರು ಅದೇ ಸಾಲು ತೋರಿಸಿ ಇಲ್ಲ ಎನ್ನುತ್ತಾರೆ.

ಕಡತ · 3 ಫೆಬ್ರವರಿ

ನಿಮ್ಮ ಆತಂಕ ಸರಿ, ಉಪಾಯ ಸರಿಯಿಲ್ಲ. ಕಸ ಎಂದು ಬರೆಯುವುದೂ ಊಹೆ, ತಯಾರಿಕೆಯ ದೋಷ ಎಂದು ಬರೆಯುವುದೂ ಊಹೆ. ಮೊದಲನೆಯದು ನಿಮ್ಮನ್ನೇ ಕಟ್ಟಿಹಾಕುತ್ತದೆ. ಎರಡನೆಯದಕ್ಕೆ ಅವರು "ಹೇಗೆ ಗೊತ್ತಾಯಿತು?" ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ. ಪತ್ರದಲ್ಲಿ ಕಂಡದ್ದನ್ನು ಬರೆಯಿರಿ, ಕಾರಣವನ್ನು ಅವರು ಪರೀಕ್ಷಿಸಿ ಹೇಳಲಿ. 720 ಮಿಲಿಲೀಟರ್ ಎಂಬ ಅಂಕಿಯನ್ನು ಯಾರೂ ಅಲ್ಲಗಳೆಯಲಾರರು.

ಹಾಗೆಂದು ಮುಚ್ಚಿಡುವುದೂ ಬೇಡ. ಪ್ಲಂಬರ್ ಬಿಚ್ಚಿ ನೋಡಿ ಮರಳು ಕಂಡಿದ್ದರೆ ಅದನ್ನು ಬರೆಯಲೇಬೇಕಿತ್ತು. ಅವರು ಬಿಚ್ಚಿಲ್ಲ, ಆದ್ದರಿಂದ ಅವರ ಮಾತು ಸಾಕ್ಷಿಯಲ್ಲ, ಅಂದಾಜು. "ಕಾರ್ಟ್ರಿಜ್ ಈವರೆಗೆ ಹೊರತೆಗೆದಿಲ್ಲ" ಎಂಬ ನಿಜವಾದ ಸಾಲು ಇದ್ದರೆ ಸಾಕು.

ಈಗ ಬಿಲ್ಲಿನ ವಿಷಯ. ಬಿಲ್ಲಿನ ಕೆಲಸ ಎರಡು: ಯಾವ ದಿನ ಕೊಂಡಿರಿ ಎಂದು ತೋರಿಸುವುದು, ಈ ಮಿಕ್ಸರ್ ಅನ್ನೇ ಕೊಂಡಿರಿ ಎಂದು ತೋರಿಸುವುದು. ನಿಮ್ಮ ಬಿಲ್ಲು ಮೊದಲನೆಯದನ್ನು ಮಾಡುತ್ತದೆ, ಎರಡನೆಯದನ್ನು ಮಾಡುವುದಿಲ್ಲ. ಆ ಕೊಂಡಿಯನ್ನು ಬೇರೆ ಕಾಗದದಿಂದ ಜೋಡಿಸಬೇಕು. ಬಿಲ್ಲಿನ ಸಾಲಿನ ಪಕ್ಕ ಅಂಗಡಿಯ ಐಟಂ ಕೋಡ್ ಏನಾದರೂ ಇದೆಯೇ? ಇದ್ದರೆ ಅಂಗಡಿಯವರು ಆ ಕೋಡ್ ಯಾವ ಮಾಡೆಲ್‌ನದು ಎಂದು ಒಂದು ಸಾಲು ಬರೆದು ಸೀಲು ಹಾಕಿ ಕೊಡಬಹುದು. ಪೆಟ್ಟಿಗೆ ಉಳಿದಿದೆಯೇ? ಅದರ ಮೇಲಿನ ಲೇಬಲ್‌ನಲ್ಲಿ ಮಾಡೆಲ್ ಮತ್ತು ಬ್ಯಾಚ್ ನಂಬರ್ ಇರುತ್ತದೆ.

ಬಿಲ್ಲು ಶಾಖದ ಕಾಗದದ್ದೇ? ಬೆರಳ ಉಗುರಿನಿಂದ ಮೂಲೆಯಲ್ಲಿ ಗೀಚಿದರೆ ಕಪ್ಪು ಗೆರೆ ಬೀಳುತ್ತದೆಯೇ ನೋಡಿ. ಬಿದ್ದರೆ ಇವತ್ತೇ ಸ್ಕ್ಯಾನ್ ಮಾಡಿ, ಅಂಥ ಕಾಗದದ ಅಕ್ಷರ ಕೆಲವು ವರ್ಷದಲ್ಲೇ ಮಾಸಿಹೋಗಬಹುದು. ಅದರ ಮೇಲೆ ಅಂಟು ಟೇಪ್ ಹಚ್ಚಬೇಡಿ, ಟೇಪಿನ ಕೆಳಗಿನ ಅಕ್ಷರವೇ ಮೊದಲು ಹೋಗುವುದು.

ಮಳೆಬಿಲ್ಲು · 3 ಫೆಬ್ರವರಿ

ನನ್ನದೂ ಇದೇ ಸಮಸ್ಯೆ! ನನ್ನ ಮಿಕ್ಸರ್‌ನಲ್ಲಿ 38 ಡಿಗ್ರಿಗೆ ತಿರುಗಿಸಿಟ್ಟರೂ ಸ್ನಾನದ ನಡುವೆ ನೀರು ತಣ್ಣಗಾಗುತ್ತದೆ. ಇದೇ ಪತ್ರವನ್ನು ನಕಲು ಮಾಡಿ ಕಳಿಸಬಹುದೇ?

ನೀರ್ಗಂಟಿ · 3 ಫೆಬ್ರವರಿ

ಮಳೆಬಿಲ್ಲು ಅವರೇ, ನಿಮ್ಮದು ಥರ್ಮೋಸ್ಟ್ಯಾಟ್ ಮಿಕ್ಸರ್. ಅದರ ಕಾರ್ಟ್ರಿಜ್ ಬೇರೆಯೇ ಜಾತಿ. ಒಳಗಿನ ಮೇಣದ ಗುಂಡು ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ ಬಿಸಿನೀರು ತಣ್ಣೀರಿನ ಪಾಲನ್ನು ಹೊಂದಿಸುತ್ತದೆ. ಈ ಪತ್ರದ ಹನಿ ಲೆಕ್ಕ ನಿಮಗೆ ಉಪಯೋಗಕ್ಕೆ ಬಾರದು. ನೀವು ಥರ್ಮಾಮೀಟರ್ ಹಿಡಿದು, 38ರ ಗುರುತಿನಲ್ಲಿ ಪ್ರತಿ ನಿಮಿಷ ಎಷ್ಟು ಡಿಗ್ರಿ ಬರುತ್ತಿದೆ ಎಂದು ಹತ್ತು ನಿಮಿಷ ಬರೆದಿಡಿ. ಅದೇ ಹೊತ್ತಿಗೆ ಪಕ್ಕದ ನಲ್ಲಿಯಲ್ಲಿ ಬರೀ ಬಿಸಿನೀರು ಬಿಟ್ಟು ಅದನ್ನೂ ಅಳೆಯಿರಿ. ಅಲ್ಲೂ ತಣ್ಣಗಾಗುತ್ತಿದ್ದರೆ ಹೀಟರ್‌ನಲ್ಲಿ ನೀರು ಮುಗಿಯುತ್ತಿದೆ, ಮಿಕ್ಸರ್‌ನ ತಪ್ಪಿಲ್ಲ. ಅಲ್ಲಿ ಬಿಸಿ ಹಾಗೇ ಇದ್ದರೆ ಬಿಸಿ ಬದಿಯ ಜಾಲರಿ ಕಟ್ಟಿದೆಯೇ ನೋಡಿ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಹೊಸಮನೆ · 3 ಫೆಬ್ರವರಿ

ಬಿಲ್ಲು ಸಾದಾ ಕಾಗದದ್ದು, ಅಕ್ಷರ ಚೆನ್ನಾಗಿದೆ. ಐಟಂ ಕೋಡ್ ಇದೆ. ಒಂದು ಪೆಟ್ಟಿಗೆ ಅಟ್ಟದ ಮೇಲೆ ಸಿಕ್ಕಿತು, ಲೇಬಲ್ ಹಾಗೇ ಇದೆ. ಆದರೆ ಅದು ಎರಡರಲ್ಲಿ ಯಾವ ಮಿಕ್ಸರ್‌ನ ಪೆಟ್ಟಿಗೆಯೋ ಗೊತ್ತಿಲ್ಲ. ಕೂರಿಸಿದ ದಿನಕ್ಕೆ ಪ್ಲಂಬರ್ ಕೊಟ್ಟ ರಸೀದಿ ಇದೆ.

ಕಡತ · 3 ಫೆಬ್ರವರಿ

ಗೊತ್ತಿಲ್ಲ ಎಂದೇ ಬರೆಯಿರಿ. ಎರಡೂ ಒಂದೇ ಬಿಲ್ಲಿನಲ್ಲಿ, ಒಂದೇ ದಿನ, ಒಂದೇ ಐಟಂ ಕೋಡ್‌ನಲ್ಲಿ ಬಂದಿವೆ. ಹಾಗಾಗಿ ಸೋರುವುದು ಯಾವುದೇ ಆಗಿರಲಿ, ದಿನಾಂಕ ಬದಲಾಗುವುದಿಲ್ಲ. ಬ್ಯಾಚ್ ನಂಬರ್ ಮಾತ್ರ "ಒಂದು ಪೆಟ್ಟಿಗೆಯ ಮೇಲಿರುವಂತೆ" ಎಂದು ಬರೆಯಿರಿ. ಖಚಿತ ಎಂದು ಬರೆದು, ಕಾರ್ಟ್ರಿಜ್ ಮೇಲೆ ಬೇರೆ ಗುರುತು ಕಂಡರೆ ಪತ್ರದ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಕೂರಿಸಿದ ದಿನವನ್ನೂ ಬರೆಯಿರಿ. ಅವಧಿ ಲೆಕ್ಕಕ್ಕೆ ಅದು ಬೇಡ, ಆದರೆ ಬಳಕೆ ಎಷ್ಟು ಕಾಲದ್ದು ಎಂದು ಅದು ತೋರಿಸುತ್ತದೆ. ಕೊಂಡು ಎಂಟು ತಿಂಗಳು ಪೆಟ್ಟಿಗೆಯಲ್ಲೇ ಇತ್ತು, ಬಳಕೆಯಾದದ್ದು ಎರಡು ವರ್ಷ ಎರಡೂವರೆ ತಿಂಗಳು.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಚುಕ್ಕಿ ಇಟ್ಟ ಕಡೆ ನಿಮ್ಮ ವಿವರ ತುಂಬಿಕೊಳ್ಳಿ.

> ಇವರಿಂದ: …… (ಹೆಸರು, ವಿಳಾಸ, ಫೋನ್, ಇಮೇಲ್)
> ಇವರಿಗೆ: ವಾರಂಟಿ ವಿಭಾಗ, …… (ಕಾರ್ಡ್‌ನಲ್ಲಿರುವ ವಿಳಾಸ)
> ದಿನಾಂಕ: 4 ಫೆಬ್ರವರಿ 2025
>
> ವಿಷಯ: ಶವರ್ ಮಿಕ್ಸರ್ ಮಾಡೆಲ್ ……, ಸೆರಾಮಿಕ್ ಕಾರ್ಟ್ರಿಜ್‌ಗೆ ವಾರಂಟಿ ಕೋರಿಕೆ. ಖರೀದಿ 12 ಮಾರ್ಚ್ 2022, ಬಿಲ್ ಸಂಖ್ಯೆ ……
>
> ಮಾನ್ಯರೇ,
>
> ಮೇಲಿನ ಮಾಡೆಲ್‌ನ ಎರಡು ಮಿಕ್ಸರ್‌ಗಳನ್ನು 12 ಮಾರ್ಚ್ 2022ರಂದು …… ಅಂಗಡಿಯಿಂದ ಕೊಂಡಿದ್ದೇನೆ. ಬಿಲ್ಲಿನಲ್ಲಿ ಅವು "ಶವರ್ ಮಿಕ್ಸರ್ ಕ್ರೋಮ್ – 2", ಐಟಂ ಕೋಡ್ …… ಎಂದು ನಮೂದಾಗಿವೆ. ಈ ಕೋಡ್ ಮೇಲಿನ ಮಾಡೆಲ್‌ನದೇ ಎಂದು ಅಂಗಡಿಯವರು ಬರೆದುಕೊಟ್ಟ ಪತ್ರ ಜತೆಗಿದೆ. ಎರಡೂ ಮಿಕ್ಸರ್‌ಗಳನ್ನು 5 ನವೆಂಬರ್ 2022ರಂದು ಪ್ಲಂಬರ್ ಕೂರಿಸಿದರು. ಈ ಪತ್ರ ಅವುಗಳಲ್ಲಿ ಒಂದಕ್ಕೆ ಸಂಬಂಧಿಸಿದ್ದು. ಒಂದು ಪೆಟ್ಟಿಗೆಯ ಮೇಲಿರುವಂತೆ ಬ್ಯಾಚ್ ನಂಬರ್ ……, ಆ ಪೆಟ್ಟಿಗೆ ಎರಡರಲ್ಲಿ ಯಾವುದರದು ಎಂದು ಗೊತ್ತಿಲ್ಲ.
>
> ಲಿವರ್ ಪೂರ್ತಿ ಮುಚ್ಚಿದ ಮೇಲೂ ಶವರ್‌ನಿಂದ ನೀರು ತೊಟ್ಟಿಕ್ಕುತ್ತಿರುವುದು 20 ಜನವರಿ 2025ರಂದು ಮೊದಲು ಕಂಡುಬಂತು. 2 ಫೆಬ್ರವರಿಯ ರಾತ್ರಿ ಲಿವರ್ ಮುಚ್ಚಿ ಒಂದು ಗಂಟೆಯ ನಂತರ, 11ರಿಂದ ಬೆಳಿಗ್ಗೆ 7ರವರೆಗೆ ನೀರನ್ನು ಹಿಡಿದು ಅಳೆದಾಗ 720 ಮಿಲಿಲೀಟರ್ ಆಯಿತು. ಆ ಹೊತ್ತಿನಲ್ಲಿ ವಾಟರ್ ಹೀಟರ್ ಆಫ್ ಇತ್ತು. ಬಿಸಿನೀರಿನ ವಾಲ್ವ್ ಮುಚ್ಚಿದರೆ ಹನಿ ನಿಲ್ಲುತ್ತದೆ, ತಣ್ಣೀರಿನ ವಾಲ್ವ್ ಮುಚ್ಚಿದರೆ ನಿಲ್ಲುವುದಿಲ್ಲ. 3 ಫೆಬ್ರವರಿಯಂದು ಅಳೆದ ನೀರಿನ ಒತ್ತಡ 3.2 ಬಾರ್. ನಿಮ್ಮ ಕೈಪಿಡಿಯ ಮಿತಿ 5 ಬಾರ್.
>
> ಕಾರ್ಟ್ರಿಜ್ ಅನ್ನು ಈವರೆಗೆ ಹೊರತೆಗೆದಿಲ್ಲ, ಬೇರೆ ಕಂಪನಿಯ ಯಾವ ಭಾಗವನ್ನೂ ಹಾಕಿಲ್ಲ.
>
> ನಿಮ್ಮ ವಾರಂಟಿ ಕಾರ್ಡ್ ಪ್ರಕಾರ ಸೆರಾಮಿಕ್ ಕಾರ್ಟ್ರಿಜ್‌ಗೆ ಮೊದಲ ಖರೀದಿಯ ದಿನಾಂಕದಿಂದ 3 ವರ್ಷದ ವಾರಂಟಿ ಇದೆ. ದೋಷ ಕಂಡದ್ದೂ, ಈ ಪತ್ರ ಕಳಿಸಿದ್ದೂ ಆ ಅವಧಿಯೊಳಗೆ. ಆದ್ದರಿಂದ ಈ ಮಾಡೆಲ್‌ಗೆ ಹೊಂದುವ ಹೊಸ ಮೂಲ ಕಾರ್ಟ್ರಿಜ್ ಮತ್ತು ಅದರ ಸೀಲ್‌ಗಳನ್ನು ಒದಗಿಸಬೇಕೆಂದು ಕೋರುತ್ತೇನೆ. ಪರೀಕ್ಷೆಗೆ ನಿಮ್ಮ ಕಡೆಯವರು ಬರುವುದಾದರೆ ದಿನ ತಿಳಿಸಿ. ಹಳೆಯ ಕಾರ್ಟ್ರಿಜ್ ಕಳಿಸಬೇಕಾದರೆ ಯಾವ ವಿಳಾಸಕ್ಕೆ, ಸಾಗಣೆಯ ವೆಚ್ಚ ಯಾರದು ಎಂದು ತಿಳಿಸಿ.
>
> 18 ಫೆಬ್ರವರಿ 2025ರೊಳಗೆ ಲಿಖಿತ ಉತ್ತರ ಮತ್ತು ಕೋರಿಕೆಯ ಸಂಖ್ಯೆ ಕೊಡಬೇಕಾಗಿ ವಿನಂತಿ.
>
> ಲಗತ್ತು: ಬಿಲ್ಲಿನ ಪ್ರತಿ, ಅಂಗಡಿಯ ಪತ್ರ, ಪ್ಲಂಬರ್ ರಸೀದಿಯ ಪ್ರತಿ, ವಾರಂಟಿ ಕಾರ್ಡ್‌ನ ಪ್ರತಿ, ಒಂದು ಪೆಟ್ಟಿಗೆಯ ಲೇಬಲ್‌ನ ಫೋಟೊ, ಮಿಕ್ಸರ್‌ನ ಎರಡು ಫೋಟೊ, ಹನಿಯ ವೀಡಿಯೊ (ಇಮೇಲ್‌ನಲ್ಲಿ)
>
> (ಸಹಿ)

ಬೇಸರ, ನಿರಾಸೆ, "ಆದಷ್ಟು ಬೇಗ" ಎಲ್ಲ ತೆಗೆದಿದ್ದೇನೆ. ಆದಷ್ಟು ಬೇಗ ಎಂಬುದಕ್ಕೆ ತಾರೀಖಿಲ್ಲ. 18ನೇ ತಾರೀಖು ಎಂದರೆ ಎರಡು ವಾರ, ಅವರು ಸುಮ್ಮನಿದ್ದರೂ ನಿಮಗೆ ಮಾರ್ಚ್ 11ರೊಳಗೆ ಇನ್ನೊಂದು ಪತ್ರ ಬರೆಯಲು ಮೂರು ವಾರ ಉಳಿಯುತ್ತದೆ.

ಸ್ಪ್ಯಾನರ್ · 4 ಫೆಬ್ರವರಿ

ಪತ್ರ ಗಟ್ಟಿಯಾಗಿದೆ, ಒಪ್ಪಿದೆ. ಆದರೆ ಬಿಲ್ಲಿನ ಪ್ರತಿ ಸಾಲದು. ಮೂಲ ಬಿಲ್ಲು ಕಳಿಸದಿದ್ದರೆ ಅವರು ನೋಡುವುದೇ ಇಲ್ಲ.

ಕಡತ · 4 ಫೆಬ್ರವರಿ

ಮೂಲ ಬಿಲ್ಲು ತೋರಿಸಬೇಕು ಎಂದು ಕೆಲವು ಕಾರ್ಡ್‌ಗಳಲ್ಲಿ ಇರುತ್ತದೆ, ನಿಜ. ತೋರಿಸುವುದು ಬೇರೆ, ಅಂಚೆಗೆ ಹಾಕುವುದು ಬೇರೆ. ಕಳೆದುಹೋದರೆ ಎರಡನೇ ಮಿಕ್ಸರ್‌ನ ಪುರಾವೆಯೂ ಅದರೊಂದಿಗೆ ಹೋಗುತ್ತದೆ. ಪ್ರತಿ ಕಳಿಸಿ, "ಮೂಲ ಬಿಲ್ಲು ನನ್ನ ಬಳಿ ಇದೆ, ಪರೀಕ್ಷೆಗೆ ಬಂದವರಿಗೆ ತೋರಿಸುತ್ತೇನೆ" ಎಂದು ಒಂದು ಸಾಲು ಸೇರಿಸಿ.

ಇಮೇಲ್‌ನಲ್ಲೂ ಕಳಿಸಿ, ತಲುಪಿದ್ದಕ್ಕೆ ಸಹಿ ಸಿಗುವ ಅಂಚೆಯಲ್ಲೂ ಕಳಿಸಿ. ಇಮೇಲ್‌ನಲ್ಲಿ ಎಲ್ಲ ಲಗತ್ತೂ ಒಂದೇ ಪಿಡಿಎಫ್ ಆಗಿರಲಿ, ವೀಡಿಯೊ ಮಾತ್ರ ಬೇರೆ. ಫೋನ್‌ನಲ್ಲಿ ಮಾತಾಡಿದರೆ ಅದೇ ದಿನ "ಈ ದಿನ ಇಷ್ಟು ಗಂಟೆಗೆ ಹೀಗೆ ಮಾತಾಯಿತು" ಎಂದು ಅದೇ ಇಮೇಲ್‌ಗೆ ಸೇರಿಸಿ ಕಳಿಸಿ. ಫೋನ್ ಮಾತು ಲಿಖಿತ ತಿಳುವಳಿಕೆ ಆಗುವುದಿಲ್ಲ.

ಅಂಗಡಿಯ ಮೇಲೆ ಕಾನೂನು ಕೊಡುವ ಹಕ್ಕು ಈ ವಾರಂಟಿಗಿಂತ ಬೇರೆ. ಅದರ ಅವಧಿಯೂ ಬೇರೆ ಬೇರೆ ಕಡೆ ಬೇರೆ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಬೇಡಿ.

ನೀರ್ಗಂಟಿ · 4 ಫೆಬ್ರವರಿ

ವೀಡಿಯೊ ಬಗ್ಗೆ: ಒಂದೇ ಓಟದಲ್ಲಿ ತೆಗೆಯಿರಿ. ಲಿವರ್ ಮುಚ್ಚಿದ ಸ್ಥಿತಿ ಹತ್ತಿರದಿಂದ, ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಶವರ್ ತಲೆ, ಅಲ್ಲಿ ಒಂದು ನಿಮಿಷ. ಹನಿ ಎಣಿಸುವಂತಿರಬೇಕು. ನಡುವೆ ಕತ್ತರಿಸಿದರೆ ಲಿವರ್ ನಿಜಕ್ಕೂ ಮುಚ್ಚಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಈ ನಡುವೆ ನೀರು ವ್ಯರ್ಥವಾಗದಿರಲು ಬಿಸಿ ಲೈನಿನ ವಾಲ್ವ್ ಮುಚ್ಚಿಡಿ, ಸ್ನಾನಕ್ಕೆ ಮಾತ್ರ ತೆರೆಯಿರಿ. ಹನಿ ನಿಲ್ಲಲಿ ಎಂದು ಲಿವರ್ ಅನ್ನು ಬಲವಾಗಿ ಒತ್ತಬೇಡಿ. ಸೆರಾಮಿಕ್ ಬಿಲ್ಲೆ ಒತ್ತಿದಷ್ಟೂ ಬಿಗಿಯಾಗುವ ರಬ್ಬರ್ ವಾಷರ್ ಅಲ್ಲ. ಒತ್ತಿದರೆ ಕಡ್ಡಿ ಮುರಿಯಬಹುದು, ಆಗ ಅದು ಬಳಕೆಯ ತಪ್ಪಾಗುತ್ತದೆ.

ಹೊಸಮನೆ · 15 ಫೆಬ್ರವರಿ

ಅಂಗಡಿಯವರು ಐಟಂ ಕೋಡ್‌ಗೆ ಪತ್ರ ಕೊಟ್ಟರು, ಫೆಬ್ರವರಿ 4ರಂದೇ ಎರಡೂ ದಾರಿಯಲ್ಲಿ ಕಳಿಸಿದೆ. ನಿನ್ನೆ ಉತ್ತರ ಬಂತು. ಕೋರಿಕೆಯ ಸಂಖ್ಯೆ ಕೊಟ್ಟಿದ್ದಾರೆ. ಹೊಸ ಕಾರ್ಟ್ರಿಜ್ ಕಳಿಸುತ್ತಾರಂತೆ. ಹಳೆಯದನ್ನು 30 ದಿನದೊಳಗೆ ಮರಳಿಸಬೇಕು, ಪರೀಕ್ಷೆಯಲ್ಲಿ "ಹೊರಗಿನ ಕಾರಣ" ಕಂಡರೆ ಹೊಸದರ ಬೆಲೆ ಕೊಡಬೇಕು ಎಂದಿದ್ದಾರೆ. ಕೂರಿಸುವ ಕೂಲಿ ಅವರದಲ್ಲವಂತೆ. ಜಾಲರಿ ಸ್ವಚ್ಛವಾಗಿತ್ತೇ ಎಂದೂ ಕೇಳಿದ್ದಾರೆ. ಈಗ ಏನು ಮಾಡಲಿ?

ನೀರ್ಗಂಟಿ · 15 ಫೆಬ್ರವರಿ

ಈಗ ಬಿಚ್ಚುವ ಕೆಲಸವೇ ಸಾಕ್ಷಿ. ಒಂದೇ ಸಲ ಮಾಡಿ, ಪ್ರತಿ ಹೆಜ್ಜೆಗೂ ಫೋಟೊ ಇರಲಿ.

ಎರಡೂ ಲೈನ್ ಮುಚ್ಚಿ, ಲಿವರ್ ತೆರೆದು ಒತ್ತಡ ಬಿಡಿ. ನೀರು ಹೊರಹೋಗುವ ರಂಧ್ರಕ್ಕೆ ಬಟ್ಟೆ ಹಾಕಿ, ಸ್ಕ್ರೂ ಬಿದ್ದರೆ ಸಿಗುವುದಿಲ್ಲ. ಲಿವರ್‌ನ ಪುಟ್ಟ ಮುಚ್ಚಳ ತೆಗೆದರೆ ಒಳಗೆ ಷಡ್ಭುಜ ಸ್ಕ್ರೂ ಇರುತ್ತದೆ. ಅದರ ಕೆಳಗೆ ಗುಮ್ಮಟದಂಥ ಕವಚ, ಅದರ ಕೆಳಗೆ ಕಾರ್ಟ್ರಿಜ್ ಹಿಡಿದಿರುವ ದೊಡ್ಡ ನಟ್. ಕಾರ್ಟ್ರಿಜ್ ನೆಟ್ಟಗೆ ಮೇಲಕ್ಕೆ ಎಳೆಯಿರಿ. ತೆಗೆದ ಕೂಡಲೇ ತಳದ ಮೂರು ಸೀಲ್‌ಗಳ ಫೋಟೊ ತೆಗೆಯಿರಿ, ಬಾಡಿಯ ಒಳಗಿನ ತಳದ್ದೂ ತೆಗೆಯಿರಿ. ಸೀಲ್ ಒಂದು ಬಾಡಿಯಲ್ಲೇ ಅಂಟಿಕೊಂಡು ಉಳಿದಿರಬಹುದು, ಅದನ್ನೂ ಸೇರಿಸಿ. ಒರೆಸಬೇಡಿ, ತೊಳೆಯಬೇಡಿ, ಬಿಲ್ಲೆ ಬೇರ್ಪಡಿಸಿ ನೋಡಬೇಡಿ. ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ತಾರೀಖು ಮತ್ತು ಕೋರಿಕೆಯ ಸಂಖ್ಯೆ ಬರೆಯಿರಿ. ಕಾರ್ಟ್ರಿಜ್ ಮೈಮೇಲೆ ಅಚ್ಚಾಗಿರುವ ಅಕ್ಷರ ಅಂಕಿಯ ಫೋಟೊ ಮರೆಯಬೇಡಿ.

ಜಾಲರಿ ಗೋಡೆಯ ಕಡೆಯ ಎರಡು ದೊಡ್ಡ ನಟ್‌ಗಳ ಒಳಗೆ ಇರುತ್ತದೆ. ಅದರಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಸ್ವಲ್ಪ ಮರಳು ಇದ್ದರೆ ಇದೆ ಎನ್ನಿ. ಜಾಲರಿ ಹಿಡಿದ ಮರಳು ಕಾರ್ಟ್ರಿಜ್‌ಗೆ ಹೋಗಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಹೊಸದು ಕೂರಿಸುವ ಮುನ್ನ ಬಾಡಿಯ ಬಾಯಿಗೆ ಬಟ್ಟೆ ಹಿಡಿದು, ಒಂದೊಂದೇ ಲೈನನ್ನು ಕ್ಷಣಕಾಲ ತೆರೆದು ಕಸ ತೊಳೆದುಹೋಗಲಿ. ಬಿಸಿ ಲೈನ್ ಮಾಡುವಾಗ ಹೀಟರ್ ತಣ್ಣಗಿರಬೇಕು, ಇಲ್ಲದಿದ್ದರೆ ಕೈ ಸುಡುತ್ತದೆ. ಎರಡು ಗೂಟ ತಮ್ಮ ತೂತಿಗೆ ಕೂತಿವೆ ಎಂದು ಖಚಿತವಾದ ಮೇಲೆ ನಟ್ ಬಿಗಿಯಿರಿ. ಲಿವರ್ ಭಾರವಾಗಿ ತಿರುಗಿದರೆ ನಟ್ ಅತಿ ಬಿಗಿಯಾಗಿದೆ, ಸ್ವಲ್ಪ ಸಡಿಲಿಸಿ.

ಸ್ಪ್ಯಾನರ್ · 15 ಫೆಬ್ರವರಿ

ಕೂಲಿ ಬಿಡಬೇಡಿ. ದೋಷದ ಭಾಗ ಕೊಟ್ಟವರೇ ಕೂಲಿಯನ್ನೂ ಕೊಡಬೇಕು.

ಕಡತ · 15 ಫೆಬ್ರವರಿ

ಕಾರ್ಡ್‌ನಲ್ಲಿ "ಭಾಗ ಮಾತ್ರ" ಎಂದಿದ್ದರೆ ಈ ವಾರಂಟಿಯಡಿ ಕೂಲಿ ಸಿಗುವುದು ಕಷ್ಟ. ಅಂಗಡಿಯಿಂದ ಕೇಳಬಹುದೇ ಎಂಬುದು ನಿಮ್ಮಲ್ಲಿನ ಕಾನೂನಿಗೆ ಬಿಟ್ಟದ್ದು, ಅದರಲ್ಲಿ ನಾನು ತೀರ್ಪು ಹೇಳಲಾರೆ. ಪ್ಲಂಬರ್‌ಗೆ ಕೊಟ್ಟ ಹಣದ ರಸೀದಿಯಂತೂ ಇಟ್ಟುಕೊಳ್ಳಿ.

ಅವರ ಉತ್ತರಕ್ಕೆ ಇಂದೇ ಮೂರು ಸಾಲು ಬರೆಯಿರಿ. "ಹೊರಗಿನ ಕಾರಣ" ಎಂದು ತೀರ್ಮಾನಿಸಿದರೆ ಯಾವ ಭಾಗದಲ್ಲಿ ಏನು ಕಂಡಿತು ಎಂಬ ವರದಿಯನ್ನು ಫೋಟೊ ಸಮೇತ ಕೊಡಬೇಕು. ಆಗ ಹಳೆಯ ಕಾರ್ಟ್ರಿಜ್ ಅನ್ನು ಎಸೆಯದೆ ನನಗೆ ಮರಳಿಸಬೇಕು. ಹೊಸ ಕಾರ್ಟ್ರಿಜ್‌ಗೆ ಹೊಸ ಅವಧಿಯ ವಾರಂಟಿಯೋ, ಹಳೆಯದರ ಉಳಿದ ಅವಧಿ ಮಾತ್ರವೋ ತಿಳಿಸಬೇಕು. ಉಳಿದ ಅವಧಿ ಮಾತ್ರ ಎಂದರೆ ಹೊಸದರ ವಾರಂಟಿಯೂ ಮಾರ್ಚ್ 11ಕ್ಕೇ ಮುಗಿಯುತ್ತದೆ. ಹಾಗಾಗಿ ಕೂರಿಸಿದ ಮೊದಲ ರಾತ್ರಿಯೇ ಮತ್ತೆ ಅದೇ ಪಾತ್ರೆ ಇಟ್ಟು, 11ರಿಂದ 7ರವರೆಗೆ ಅಳೆದು ಬರೆದಿಡಿ.

ಹೊಸಮನೆ · 22 ಫೆಬ್ರವರಿ

ಹೊಸದು ನಿನ್ನೆ ಕೂರಿಸಿದೆವು. ರಾತ್ರಿಯ ಪಾತ್ರೆ ಒಣಗಿದ ಹಾಗೇ ಇತ್ತು. ಹಳೆಯದರ ಬಿಸಿ ಬದಿಯ ಸೀಲ್ ಒಂದು ಅಂಚಿನಲ್ಲಿ ಚಪ್ಪಟೆಯಾಗಿತ್ತು, ಮರಳು ಕಾಣಲಿಲ್ಲ, ಎರಡೂ ಜಾಲರಿ ಸ್ವಚ್ಛವಾಗಿದ್ದವು. ಕಾರ್ಟ್ರಿಜ್ ಅನ್ನು ಇವತ್ತು ಕಳಿಸಿದೆ. ವಾರಂಟಿ ಅವಧಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ನೀರ್ಗಂಟಿ · 22 ಫೆಬ್ರವರಿ

ಚಪ್ಪಟೆಯಾದ ಅಂಚು ಮೊದಲೇ ಓರೆಯಾಗಿ ಕೂತಿದ್ದರಿಂದ ಇರಬಹುದು, ರಬ್ಬರ್ ತಾನಾಗಿ ಗಟ್ಟಿಯಾದದ್ದರಿಂದಲೂ ಇರಬಹುದು. ಮಿಕ್ಸರ್‌ಗೆ ಕಾರ್ಟ್ರಿಜ್ ಕಾರ್ಖಾನೆಯಲ್ಲೇ ಕೂರಿಸಿ ಬಂದಿತ್ತು, ಪ್ಲಂಬರ್ ಅದನ್ನು ಮುಟ್ಟಿರಲಿಲ್ಲ ಎಂದಾದರೆ ಅದನ್ನು ಅವರಿಗೆ ಬರೆದು ತಿಳಿಸಿ. ಎರಡನೇ ಬಾತ್‌ರೂಮ್‌ನ ಮಿಕ್ಸರ್‌ನದೂ ಒಂದು ರಾತ್ರಿಯ ಅಳತೆ ಮಾರ್ಚ್ 11ಕ್ಕೆ ಮುಂಚೆ ತೆಗೆದಿಡಿ.